ಮಣ್ಣಿನಿಂದ ಸೃಷ್ಟಿ: ಇಮಾಮರು ಆ ಆಯತನ್ನು ಓದಿದ ಬಗೆ

ನಮ್ಮ ಕುಟುಂಬದ, ಜಮಾಅತಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ತಿರುಗುವ ಒಂದು ಸಂದೇಶವಿದೆ. ಮನುಷ್ಯನನ್ನು ಮಣ್ಣಿನಿಂದ ಸೃಷ್ಟಿಸಲಾಯಿತು ಎಂದು ಕುರ್‌ಆನ್ ಹೇಳಿದೆ, ಮಣ್ಣಿನಲ್ಲಿ ಇರುವ ಧಾತುಗಳೇ ಮನುಷ್ಯನ ದೇಹದಲ್ಲೂ ಇವೆ ಎಂದು ವಿಜ್ಞಾನ ಈಗ ಕಂಡುಹಿಡಿದಿದೆ, ಸುಬ್‌ಹಾನಲ್ಲಾಹ್, ಹತ್ತು ಜನರಿಗೆ ಕಳುಹಿಸಿ ಅಂತ. ನಾವು ಓದುತ್ತೇವೆ, ಸಂತೋಷಪಡುತ್ತೇವೆ, ಕಳುಹಿಸುತ್ತೇವೆ. ಆದರೆ ಪಿಯುಸಿಯಲ್ಲಿ ವಿಜ್ಞಾನ ಓದುವ ಮಗ ಅಥವಾ ಮಗಳು ಅದೇ ಸಂದೇಶ ನೋಡಿ, 'ಉಪ್ಪಾ, ಮಣ್ಣಲ್ಲಿ ಇರುವುದು ಹೆಚ್ಚಾಗಿ ಸಿಲಿಕಾನ್ ಅಲ್ವಾ? ನಮ್ಮ ಮೈಯಲ್ಲಿ ಸಿಲಿಕಾನ್ ಎಲ್ಲಿದೆ?' ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಆಗ ನಾವು ಎರಡರಲ್ಲಿ ಒಂದು ಮಾಡುತ್ತೇವೆ. 'ದೀನಿನ ವಿಷಯದಲ್ಲಿ ಹಾಗೆಲ್ಲ ಕೇಳಬಾರದು' ಎಂದು ಬಾಯಿ ಮುಚ್ಚಿಸುತ್ತೇವೆ, ಇಲ್ಲವೇ ಇನ್ನೊಂದು ಸಂದೇಶ ಹುಡುಕಿ ಕೊಡುತ್ತೇವೆ.

ಇವೆರಡೂ ಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮಗು ಕೇಳುವುದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ನಮ್ಮ ಇಮಾಮರು ಸಾವಿರ ವರ್ಷಗಳ ಹಿಂದೆಯೇ ಈ ಆಯತಿನ ಮುಂದೆ ಇಟ್ಟಿದ್ದಾರೆ. ಉತ್ತರದಲ್ಲಿ ಒಬ್ಬರಿಗೊಬ್ಬರು ಒಪ್ಪದೆಯೂ ಇದ್ದಾರೆ. ಅವರು ಓದಿದ ಬಗೆಯನ್ನು ತಿಳಿದುಕೊಂಡರೆ ಮಕ್ಕಳ ಮುಂದೆ ನಾವು ತಡವರಿಸಬೇಕಾಗಿಲ್ಲ.

ಮಣ್ಣಿನಿಂದ ಸೃಷ್ಟಿಯ ವಿಷಯ ಕುರ್‌ಆನಿನಲ್ಲಿ ಹಲವು ಕಡೆ ಬರುತ್ತದೆ. ಇಲ್ಲಿ ನಾವು ಒಂದೇ ಜಾಗವನ್ನು ತೆಗೆದುಕೊಳ್ಳೋಣ. 23ನೇ ಸೂರಾ ಅಲ್‌ಮುಅ್‌ಮಿನೂನ್, 12ನೇ ಆಯತ್. ಅದರ ಆಶಯವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಅಲ್ಲಾಹನು 'ಇನ್ಸಾನ್' ಅಂದರೆ ಮನುಷ್ಯನನ್ನು ಜೇಡಿಮಣ್ಣಿನ ಒಂದು 'ಸುಲಾಲ'ದಿಂದ ಸೃಷ್ಟಿಸಿದನು ಎಂಬುದು. ಮುಂದಿನ 13ನೇ ಆಯತಿನಲ್ಲಿ, ಬಳಿಕ 'ಅವನನ್ನು' ಒಂದು ಭದ್ರವಾದ ತಾಣದಲ್ಲಿ ವೀರ್ಯಬಿಂದುವಾಗಿ ಇರಿಸಿದ ಮಾತು ಬರುತ್ತದೆ. ಭದ್ರವಾದ ತಾಣ ಎಂದರೆ ತಾಯಿಯ ಗರ್ಭ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆಮೇಲೆ ರಕ್ತಪಿಂಡ, ಮಾಂಸದ ಮುದ್ದೆ, ಎಲುಬು, ಎಲುಬಿಗೆ ಮಾಂಸದ ಹೊದಿಕೆ. ಕೊನೆಗೆ ಮರಣ, ಮತ್ತು ಕಿಯಾಮತ್ ದಿನ ಎಬ್ಬಿಸಲ್ಪಡುವುದು.

ಓದುವಾಗ ಸರಾಗವಾಗಿ ಹೋಗುತ್ತದೆ. ಆದರೆ ಸ್ವಲ್ಪ ನಿಂತು ನೋಡಿದರೆ ಒಂದು ತೊಡಕಿದೆ. 12ನೇ ಆಯತಿನ 'ಮನುಷ್ಯ' ಯಾರು? ಅದು ಆದಮ್(ಅ) ಎಂದರೆ, 13ನೇ ಆಯತಿನ 'ಅವನನ್ನು' ಎಂಬುದೂ ಆದಮರನ್ನೇ ಸೂಚಿಸಬೇಕು. ಆದರೆ ಆದಮರಿಗೆ ತಂದೆ ತಾಯಿ ಇರಲಿಲ್ಲ, ಅವರು ಯಾವ ಗರ್ಭದಲ್ಲೂ ಇರಲಿಲ್ಲ. ಸರಿ, ಅದು ನಾವೆಲ್ಲರೂ ಎಂದರೆ, ನಮ್ಮನ್ನು ಯಾರೂ ಮಣ್ಣಿನಿಂದ ಮಾಡಲಿಲ್ಲ, ನಾವು ಹುಟ್ಟಿದ್ದು ಉಮ್ಮನ ಹೊಟ್ಟೆಯಿಂದ. ಯಾವ ಕಡೆ ಹಿಡಿದರೂ ಒಂದು ತುದಿ ಜಾರುತ್ತದೆ. ವ್ಯಾಖ್ಯಾನಕಾರರು ಎದುರಿಸಿದ ಪ್ರಶ್ನೆ ಇದು. ಧಾತುಗಳ ಪಟ್ಟಿ ಅವರ ಪ್ರಶ್ನೆ ಆಗಿರಲಿಲ್ಲ. 'ಅವನನ್ನು' ಎಂಬ ಸರ್ವನಾಮ ಯಾರ ಕಡೆ ಬೆರಳು ತೋರಿಸುತ್ತದೆ ಎಂಬುದು ಅವರ ಪ್ರಶ್ನೆ.

ಇದರ ಜೊತೆ 'ಸುಲಾಲ' ಎಂಬ ಪದವನ್ನೂ ಬಿಡಿಸಬೇಕು. ಕನ್ನಡದಲ್ಲಿ ಹೇಳುವಾಗ ನಾವು 'ಸಾರ', 'ಸತ್ವ' ಎಂದು ಬಿಡುತ್ತೇವೆ. ಅರಬಿಯಲ್ಲಿ ಈ ಪದದ ಮೂಲಕ್ಕೆ ಮೆಲ್ಲನೆ ಹೊರಗೆಳೆಯುವುದು ಎಂಬ ಅರ್ಥವಿದೆ. ಒರೆಯಿಂದ ಖಡ್ಗವನ್ನು ಎಳೆಯುವುದಕ್ಕೂ ಇದೇ ಮೂಲದ ಕ್ರಿಯಾಪದ. ಹಾಗೆ ಎಳೆದಾಗ ಹೊರಬಂದದ್ದು ಸುಲಾಲ. ಕ್ರಿ.ಶ. 1144ರಲ್ಲಿ ತೀರಿಕೊಂಡ, ಅರಬಿ ವ್ಯಾಕರಣದಲ್ಲಿ ದೊಡ್ಡ ಹೆಸರಾದ ಝಮಖ್‌ಶರಿ, ಈ ಅಚ್ಚಿನ ಪದಗಳು ಅಲ್ಪ ಪ್ರಮಾಣವನ್ನು ಸೂಚಿಸುತ್ತವೆ ಎನ್ನುತ್ತಾರೆ. ಉಗುರು ಕತ್ತರಿಸಿದಾಗ ಬೀಳುವ ಚೂರಿಗೂ ಅರಬಿಯಲ್ಲಿ ಇದೇ ಅಚ್ಚಿನ ಪದ ಇದೆ. ಒಟ್ಟಿನಲ್ಲಿ ರಾಶಿ ಮಣ್ಣಲ್ಲ, ಮಣ್ಣಿನಿಂದ ಹೊರತೆಗೆದ ಒಂದಿಷ್ಟು. ಇನ್ನೊಂದು ಬಳಕೆಯೂ ಅರಬರಲ್ಲಿದೆ. ಒಬ್ಬನ ಸಂತಾನವನ್ನು ಅವನ ಸುಲಾಲ ಎನ್ನುತ್ತಾರೆ, ಏಕೆಂದರೆ ಮಗು ಅವನಿಂದ ಹೊರಬಂದದ್ದು. ಈ ಎರಡು ಅರ್ಥಗಳ ಮೇಲೆಯೇ ಮುಂದಿನ ಚರ್ಚೆ ನಿಂತಿದೆ.

ಮೊದಲ ಓದು, ಇಲ್ಲಿ 'ಮನುಷ್ಯ' ಎಂದರೆ ಆದಮ್(ಅ). ಬಸ್ರಾದ ತಾಬಿಈ ಕತಾದರಿಂದ(ರ) ಈ ಅಭಿಪ್ರಾಯ ವರದಿಯಾಗಿದೆ. ಆದಮರನ್ನು ಮಣ್ಣಿನಿಂದ ಹೊರತೆಗೆಯಲಾಯಿತು, ಸುಲಾಲ ಎಂದರೆ ಅದೇ. ಕ್ರಿ.ಶ. 1373ರಲ್ಲಿ ತೀರಿಕೊಂಡ ದಮಾಸ್ಕಸ್‌ನ ಇಮಾಮ್ ಇಬ್ನು ಕಸೀರ್(ರ) ಎರಡೂ ಅಭಿಪ್ರಾಯಗಳನ್ನು ಮುಂದಿಟ್ಟು, ಇದೇ ಹೆಚ್ಚು ಸ್ಪಷ್ಟ, ಸಂದರ್ಭಕ್ಕೆ ಹತ್ತಿರ ಎಂದು ತೀರ್ಮಾನಿಸುತ್ತಾರೆ. ಹಾಗಾದರೆ 'ಅವನನ್ನು' ಗರ್ಭದಲ್ಲಿ ಇರಿಸಿದ್ದು ಹೇಗೆ? ಆ ಸರ್ವನಾಮ ಆದಮ್ ಎಂಬ ವ್ಯಕ್ತಿಯನ್ನಲ್ಲ, ಮನುಷ್ಯ ಎಂಬ ಕುಲವನ್ನು ತೋರಿಸುತ್ತದೆ ಎಂಬುದು ಅವರ ಉತ್ತರ. ಸುಮ್ಮನೆ ಹೇಳಿ ಬಿಡುವುದಿಲ್ಲ, ಕುರ್‌ಆನಿನಿಂದಲೇ ಸಾಕ್ಷಿ ತರುತ್ತಾರೆ. 32ನೇ ಸೂರಾ ಅಸ್ಸಜ್ದದ 7 ಮತ್ತು 8ನೇ ಆಯತುಗಳಲ್ಲಿ ಇದೇ ಮಾತು ಬಿಡಿಸಿ ಬಂದಿದೆ. ಮನುಷ್ಯನ ಸೃಷ್ಟಿಯ ಆರಂಭ ಮಣ್ಣಿನಿಂದ, ಆಮೇಲೆ ಅವನ ಸಂತತಿ ಒಂದು ಕ್ಷುಲ್ಲಕ ದ್ರವದ ಸುಲಾಲದಿಂದ. ಅಲ್ಲಿ 'ಸಂತತಿ' ಎಂಬ ಪದ ಬಾಯಿಬಿಟ್ಟು ಹೇಳಿರುವುದರಿಂದ ಇಲ್ಲಿ ಹೇಳದೇ ಇರುವುದು ಅರ್ಥವಾಗುತ್ತದೆ. ಒಂದು ಆಯತನ್ನು ಇನ್ನೊಂದು ಆಯತಿನಿಂದ ಬಿಡಿಸುವುದು ಇಬ್ನು ಕಸೀರರ ಹಾದಿ.

ನಮ್ಮ ಕಡೆಯ ದರ್ಸ್‌ಗಳಲ್ಲಿ ಮುತಅಲ್ಲಿಮರು ಓದುವ ತಫ್ಸೀರುಲ್ ಜಲಾಲೈನಿಯಲ್ಲೂ ಇದೇ ದಾರಿ ಇದೆ. ಆ ಕಿತಾಬನ್ನು ಇಬ್ಬರು ಜಲಾಲುದ್ದೀನರು ಬರೆದರು ಎಂಬುದು ನಮಗೆ ಗೊತ್ತೇ ಇದೆ. ಸೂರಾ ಅಲ್‌ಕಹ್ಫ್‌ನಿಂದ ಕೊನೆಯವರೆಗಿನ ಭಾಗ ಇಮಾಮ್ ಮಹಲ್ಲಿಯವರದ್ದು(ರ), ಹಾಗಾಗಿ ಈ ಜಾಗವೂ ಅವರದ್ದೇ. ಅವರು ಉದ್ದ ಚರ್ಚೆಗೆ ಹೋಗುವುದಿಲ್ಲ. 12ನೇ ಆಯತಿನ 'ಮನುಷ್ಯ' ಎಂಬುದರ ಪಕ್ಕ 'ಆದಮ್' ಎಂದು ಇಡುತ್ತಾರೆ. 13ನೆಯದರ 'ಅವನನ್ನು' ಎಂಬುದರ ಪಕ್ಕ 'ಮನುಷ್ಯ, ಅಂದರೆ ಆದಮರ ಸಂತತಿ' ಎಂಬರ್ಥದ ಒಂದೆರಡು ಪದ ಸೇರಿಸುತ್ತಾರೆ. ದರ್ಸಿನಲ್ಲಿ ಒಂದು ನಿಮಿಷದಲ್ಲಿ ಮುಗಿದುಹೋಗುವ ಈ ಪುಟ್ಟ ಸೇರ್ಪಡೆಯ ಹಿಂದೆ ಶತಮಾನಗಳ ಚರ್ಚೆ ಅಡಗಿದೆ.

ಎರಡನೇ ಓದು ಇಮಾಮ್ ತಬರಿಯವರದ್ದು(ರ). ಕ್ರಿ.ಶ. 923ರಲ್ಲಿ ಬಗ್ದಾದ್‌ನಲ್ಲಿ ತೀರಿಕೊಂಡವರು, ಇಬ್ನು ಕಸೀರರಿಗಿಂತ ನಾಲ್ಕೂವರೆ ಶತಮಾನ ಹಿಂದಿನವರು. ತಫ್ಸೀರಿನ ದೊಡ್ಡ ಕಿತಾಬುಗಳಲ್ಲಿ ಅವರದ್ದು ಎಲ್ಲರೂ ಮರಳಿ ಹೋಗುವ ಮೂಲ. ಅವರು ಕತಾದರ ಮಾತನ್ನೂ ಉಲ್ಲೇಖಿಸುತ್ತಾರೆ, ಇಬ್ನು ಅಬ್ಬಾಸ್(ರ) ಮತ್ತು ಅವರ ಶಿಷ್ಯ ಮುಜಾಹಿದರಿಂದ(ರ) ಬಂದ ಬೇರೆ ಮಾತನ್ನೂ ಉಲ್ಲೇಖಿಸುತ್ತಾರೆ. ಆ ಎರಡನೇ ಮಾತಿನ ಪ್ರಕಾರ ಸುಲಾಲ ಎಂದರೆ ವೀರ್ಯ, ದ್ರವದ ತಿಳಿಭಾಗ. ತಬರಿ ಎರಡನ್ನೂ ತೂಗಿ ನೋಡಿ ಎರಡನೆಯದನ್ನು ಆರಿಸುತ್ತಾರೆ. ಅವರ ಓದಿನಲ್ಲಿ 'ಮನುಷ್ಯ' ಎಂದರೆ ಆದಮರ ಮಕ್ಕಳು, 'ಸುಲಾಲ' ಎಂದರೆ ಆದಮರಿಂದ ಹೊರಬಂದ ದ್ರವ, 'ಮಣ್ಣು' ಎಂದರೆ ಆದಮರೇ, ಏಕೆಂದರೆ ಅವರು ಮಣ್ಣಿನಿಂದ ಆದವರು. ಕಾರಣವನ್ನೂ ಅವರು ಕೊಡುತ್ತಾರೆ. ಮುಂದಿನ ಆಯತ್ 'ಅವನನ್ನು' ಗರ್ಭದಲ್ಲಿ ಇರಿಸಿದೆ ಎನ್ನುತ್ತದೆ. ಗರ್ಭಕ್ಕೆ ಬರುವವನು ತಂದೆಯ ಬೆನ್ನಿನಿಂದ ಬಂದವನೇ. ಹಾಗಾಗಿ 12ನೇ ಆಯತೂ ಅವನ ಬಗ್ಗೆಯೇ ಇರಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. ಇಬ್ನು ಕಸೀರರೂ ಸಂದರ್ಭವನ್ನೇ ನೋಡಿದರು, ತಬರಿಯೂ ಸಂದರ್ಭವನ್ನೇ ನೋಡಿದರು. ಒಬ್ಬರು 'ಮಣ್ಣು' ಎಂಬ ಪದವನ್ನು ಗಟ್ಟಿಯಾಗಿ ಹಿಡಿದು ಸರ್ವನಾಮವನ್ನು ಸಡಿಲಿಸಿದರು. ಇನ್ನೊಬ್ಬರು ಸರ್ವನಾಮವನ್ನು ಗಟ್ಟಿಯಾಗಿ ಹಿಡಿದು 'ಮಣ್ಣು' ಎಂಬುದನ್ನು ಆದಮರ ಇನ್ನೊಂದು ಹೆಸರಾಗಿ ಓದಿದರು. ಇಬ್ಬರೂ ಎಲ್ಲೋ ಒಂದು ಕಡೆ ಸ್ವಲ್ಪ ಸಡಿಲ ಕೊಡಲೇಬೇಕಾಯಿತು. ಮತ್ತು ಇಬ್ನು ಕಸೀರರು ತಬರಿಯವರ ಆಯ್ಕೆಯನ್ನು ಒಪ್ಪದಿದ್ದರೂ ಅದನ್ನು ದಾರಿತಪ್ಪಿದ ಮಾತು ಎನ್ನಲಿಲ್ಲ. ಇದು ಹೆಚ್ಚು ಸ್ಪಷ್ಟ ಎಂದಷ್ಟೇ ಹೇಳಿ ಮುಂದೆ ಹೋದರು.

ಮೂರನೇ ಓದು ಇಮಾಮ್ ಫಖ್ರುದ್ದೀನ್ ರಾಝಿಯವರದ್ದು(ರ). ಇರಾನಿನ ರಯ್ ಪಟ್ಟಣದವರು, ಕ್ರಿ.ಶ. 1210ರಲ್ಲಿ ಹೆರಾತಿನಲ್ಲಿ ತೀರಿಕೊಂಡರು. ತರ್ಕ, ವೈದ್ಯ, ತತ್ವಶಾಸ್ತ್ರ ಎಲ್ಲ ಓದಿದವರು. ಅವರು ಮುಂದಿಡುವ ಒಂದು ಓದಿನಲ್ಲಿ ಎರಡೂ ತುದಿಗಳನ್ನು ಹಿಡಿದುಕೊಳ್ಳುವ ಪ್ರಯತ್ನವಿದೆ. ಮನುಷ್ಯ ಎಂದರೆ ನಾವೇ ಆಗಿರಲಿ, ಮಣ್ಣು ಎಂದರೆ ಮಣ್ಣೇ ಆಗಿರಲಿ. ಹೇಗೆ? ಮನುಷ್ಯ ಹುಟ್ಟುವುದು ವೀರ್ಯದಿಂದ. ವೀರ್ಯ ಆಗುವುದು ಆಹಾರದಿಂದ. ಆಹಾರ ಒಂದೋ ಪ್ರಾಣಿಯದ್ದು, ಇಲ್ಲವೇ ಸಸ್ಯದ್ದು. ಪ್ರಾಣಿಯದ್ದಾದರೆ ಆ ಪ್ರಾಣಿಯೂ ತಿಂದದ್ದು ಕೊನೆಗೆ ಸಸ್ಯವನ್ನೇ. ಸಸ್ಯ ಬೆಳೆಯುವುದು ಮಣ್ಣು ಮತ್ತು ನೀರಿನಿಂದ. ಮಣ್ಣು ನೀರು ಸೇರಿದರೆ ಅದೇ ಜೇಡಿ. ನಮ್ಮ ಮನೆಯ ಊಟದಲ್ಲಿ ಹೇಳುವುದಾದರೆ, ನೈಚೋರಿನ ಅಕ್ಕಿ ಗದ್ದೆಯಿಂದ ಬಂತು, ಆಡಿನ ಮಾಂಸ ಆಡು ಮೇದ ಸೊಪ್ಪಿನಿಂದ ಬಂತು, ಸೊಪ್ಪು ನೆಲದಿಂದ ಬಂತು. ಹೀಗೆ ಮೆಟ್ಟಿಲು ಇಳಿಯುತ್ತಾ ಹೋದರೆ ಪ್ರತಿಯೊಬ್ಬ ಮನುಷ್ಯನೂ ಮಣ್ಣಿನಿಂದ ಹೊರತೆಗೆದ ಸುಲಾಲವೇ. ಈ ಓದು ಪದಗಳಿಗೆ ಸರಿಯಾಗಿ ಹೊಂದುತ್ತದೆ, ಎಳೆದಾಡುವ ಅಗತ್ಯ ಇಲ್ಲ ಎಂದು ರಾಝಿ ಹೇಳುತ್ತಾರೆ.

ಇದನ್ನು ಕೇಳಿದ ತಕ್ಷಣ ನಮಗೆ ಬಹಳ ಹಿಡಿಸುತ್ತದೆ. ಇವತ್ತಿನ ಮನಸ್ಸಿಗೆ ಹತ್ತಿರವಾದ ಮಾತಿದು. ಆದರೆ ಇಲ್ಲಿಯೇ ಸ್ವಲ್ಪ ಜಾಗ್ರತೆ ಬೇಕು. ಈ ಮೆಟ್ಟಿಲುಗಳ ಮಧ್ಯೆ ರಾಝಿ ಒಂದು ವೈದ್ಯಶಾಸ್ತ್ರದ ಮಾತು ಇಟ್ಟಿದ್ದಾರೆ. ವೀರ್ಯ ಎಂಬುದು ನಾಲ್ಕನೇ ಜೀರ್ಣದ ಶೇಷ ಎಂಬುದು ಅದು. ಆ ಕಾಲದ ವೈದ್ಯದ ಪ್ರಕಾರ ಆಹಾರ ನಾಲ್ಕು ಸಲ ಜೀರ್ಣವಾಗುತ್ತಿತ್ತು. ಹೊಟ್ಟೆಯಲ್ಲಿ ಒಮ್ಮೆ, ಪಿತ್ತಜನಕಾಂಗದಲ್ಲಿ ಒಮ್ಮೆ, ರಕ್ತನಾಳಗಳಲ್ಲಿ ಒಮ್ಮೆ, ಕೊನೆಗೆ ಅಂಗಾಂಗಗಳಲ್ಲಿ ಒಮ್ಮೆ. ಆ ಕೊನೆಯ ಜೀರ್ಣದಲ್ಲಿ ಉಳಿದದ್ದು ವೀರ್ಯವಾಗುತ್ತದೆ ಎಂದು ಗ್ರೀಕರಿಂದ ಬಂದು ಇಬ್ನು ಸೀನಾರ ಕಾಲಕ್ಕೆ ಗಟ್ಟಿಯಾಗಿದ್ದ ತಿಳಿವಳಿಕೆ. ರಾಝಿಯವರ ಕಾಲಕ್ಕೆ ಅದೇ ಅತ್ಯಾಧುನಿಕ ವಿಜ್ಞಾನ. ಇವತ್ತು ಯಾವ ವೈದ್ಯರೂ ಅದನ್ನು ಒಪ್ಪುವುದಿಲ್ಲ. ವೈದ್ಯ ಬದಲಾಯಿತು. ಆಯತ್ ಬದಲಾಗಲಿಲ್ಲ. 'ಕುರ್‌ಆನ್ ನಾಲ್ಕನೇ ಜೀರ್ಣವನ್ನು ಸಾಬೀತು ಮಾಡುತ್ತದೆ' ಎಂದು ಆಗ ಯಾರಾದರೂ ಸಾರಿದ್ದರೆ, ಇವತ್ತು ನಾಚಿಕೆಪಡಬೇಕಾಗುತ್ತಿದ್ದದ್ದು ಸಾರಿದವನೇ.

ಈಗ ಆ ವಾಟ್ಸ್‌ಆ್ಯಪ್ ಸಂದೇಶಕ್ಕೆ ಬರೋಣ. ನಮ್ಮ ಮೈಯ ತೂಕದಲ್ಲಿ ಸುಮಾರು 65 ಶೇಕಡ ಆಮ್ಲಜನಕ, ಸುಮಾರು 18 ಶೇಕಡ ಇಂಗಾಲ. ಭೂಮಿಯ ಹೊರಪದರದಲ್ಲಿ ಆಮ್ಲಜನಕದ ನಂತರದ ಸ್ಥಾನ ಸಿಲಿಕಾನ್‌ಗೆ, ಸುಮಾರು 28 ಶೇಕಡ. ಆಮೇಲೆ ಅಲ್ಯೂಮಿನಿಯಂ, ಸುಮಾರು 8 ಶೇಕಡ. ಜೇಡಿಮಣ್ಣು ಮುಖ್ಯವಾಗಿ ಇವುಗಳಿಂದಲೇ ಆದದ್ದು. ನಮ್ಮ ದೇಹದಲ್ಲಿ ಸಿಲಿಕಾನ್ ಇರುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅಲ್ಯೂಮಿನಿಯಂನಿಂದ ದೇಹಕ್ಕೆ ಯಾವ ಕೆಲಸವೂ ಇಲ್ಲ. ಇನ್ನು ಇಂಗಾಲ, ಅದು ಸಸ್ಯಕ್ಕೆ ಬರುವುದು ಮಣ್ಣಿನಿಂದಲ್ಲ, ಗಾಳಿಯಿಂದ. ಎಲೆ ಅದನ್ನು ಬಿಸಿಲಿನ ಸಹಾಯದಿಂದ ಹೀರಿಕೊಳ್ಳುತ್ತದೆ. ಮಣ್ಣಿನಿಂದ ಬರುವುದು ಕ್ಯಾಲ್ಸಿಯಂ, ಕಬ್ಬಿಣ, ರಂಜಕದಂಥ ಖನಿಜಗಳು, ಅವು ಇಲ್ಲದೆ ಎಲುಬೂ ಇಲ್ಲ ರಕ್ತವೂ ಇಲ್ಲ. ಅಂದರೆ ಮಣ್ಣಿಗೂ ಮೈಗೂ ಸಂಬಂಧ ಖಂಡಿತ ಇದೆ. ಆದರೆ 'ಎರಡೂ ಒಂದೇ' ಎಂಬ ಮಾತು ಸುಳ್ಳು. ಮಗಳು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ.

ಇಲ್ಲಿ ಸೋತದ್ದು ಆಯತಲ್ಲ, ಆಯತಿಗೆ ನಾವು ಅಂಟಿಸಿದ ಚೀಟಿ. ಇಂಥ ಚೀಟಿಯನ್ನು ಗುರುತಿಸುವುದು ಕಷ್ಟವಲ್ಲ. ಸಂದೇಶದಲ್ಲಿ ಸೂರಾ ಮತ್ತು ಆಯತಿನ ಸಂಖ್ಯೆ ಇದೆಯೇ, ಯಾವ ಪದಕ್ಕೆ ಆ ಅರ್ಥ ಬರುತ್ತದೆ ಎಂದು ತೋರಿಸಿದ್ದಾರೆಯೇ, ಮುಂದಿನ ಆಯತಿನ ಜೊತೆ ಆ ಅರ್ಥ ಹೊಂದುತ್ತದೆಯೇ ಎಂದು ನೋಡಿದರೆ ಸಾಕು. ತಬರಿ, ರಾಝಿ, ಇಬ್ನು ಕಸೀರ್ ಮೂವರೂ ಮಾಡಿದ್ದು ಇದನ್ನೇ. ರಾಝಿಯವರ ಓದು ಇವತ್ತಿಗೂ ಉಳಿದಿರುವುದು ನಾಲ್ಕನೇ ಜೀರ್ಣದ ಬಲದಿಂದಲ್ಲ. ಸರ್ವನಾಮದ ತೊಡಕಿಗೆ ಅದು ಉತ್ತರ ಕೊಡುತ್ತದೆ, ಅದಕ್ಕೆ ಉಳಿದಿದೆ. ಜೀರ್ಣದ ಮಾತನ್ನು ತೆಗೆದುಹಾಕಿದರೂ ಆ ಉತ್ತರ ನಿಲ್ಲುತ್ತದೆ. ವಾಟ್ಸ್‌ಆ್ಯಪ್ ಸಂದೇಶದಿಂದ ಧಾತುಗಳ ಮಾತನ್ನು ತೆಗೆದರೆ ಅಲ್ಲಿ ಏನೂ ಉಳಿಯುವುದಿಲ್ಲ.

ಇನ್ನೊಂದು ಅಪಾಯದ ಬಗ್ಗೆಯೂ ಎಚ್ಚರ ಬೇಕು. 'ನೋಡಿ, ತಬರಿಯವರೇ ಇಲ್ಲಿ ಆದಮ್ ಅಲ್ಲ ಎಂದಿದ್ದಾರೆ, ಹಾಗಾಗಿ ಆದಮರನ್ನು ಮಣ್ಣಿನಿಂದ ಸೃಷ್ಟಿಸಿದ್ದು ಬರೀ ಅಲಂಕಾರದ ಮಾತು' ಎಂದು ಎಳೆಯುವವರೂ ಇದ್ದಾರೆ. ಅದು ತಬರಿಯವರ ಮೇಲೆ ಹೊರಿಸುವ ಸುಳ್ಳು. ಆದಮರ ಸೃಷ್ಟಿ ಮಣ್ಣಿನಿಂದ ಎಂಬುದರಲ್ಲಿ ಈ ಮೂವರಿಗೂ ಭಿನ್ನಾಭಿಪ್ರಾಯ ಇಲ್ಲ. ಅದಕ್ಕೆ ಬೇರೆ ಸ್ಪಷ್ಟ ಆಯತುಗಳಿವೆ, 3ನೇ ಸೂರಾದ 59ನೇ ಆಯತ್ ಅವುಗಳಲ್ಲಿ ಒಂದು. ತಬರಿಯವರ ಇಡೀ ಓದು ನಿಂತಿರುವುದೇ ಆದಮ್ ಮಣ್ಣಿನಿಂದ ಆದವರು ಎಂಬುದರ ಮೇಲೆ. ಚರ್ಚೆ ಇರುವುದು ಈ ಒಂದು ಆಯತಿನ ಈ ಒಂದು ಪದ ಯಾರನ್ನು ಹೇಳುತ್ತದೆ ಎಂಬುದರಲ್ಲಿ ಮಾತ್ರ. ಎಲ್ಲಿ ಚರ್ಚೆ ಇದೆ, ಎಲ್ಲಿ ಇಲ್ಲ ಎಂಬ ಗೆರೆ ಗೊತ್ತಿಲ್ಲದಿದ್ದರೆ ಎರಡು ಕಡೆಯಿಂದಲೂ ತಪ್ಪುತ್ತೇವೆ.

ಹಾಗಾದರೆ ಈ ಆಯತುಗಳು ನಮಗೆ ಏನು ಹೇಳಲು ಹೊರಟಿವೆ? 12ರಿಂದ ಆರಂಭಿಸಿ 16ರವರೆಗೆ ಒಂದೇ ಉಸಿರಿಗೆ ಓದಿದರೆ ಉತ್ತರ ಅಲ್ಲೇ ಇದೆ. ಮಣ್ಣಿನಿಂದ ಆರಂಭವಾದ ಸಾಲು ಪುನರುತ್ಥಾನದಲ್ಲಿ ಮುಗಿಯುತ್ತದೆ. ಸತ್ತು ಮಣ್ಣಾದ ಮೇಲೆ ಮತ್ತೆ ಎಬ್ಬಿಸುವುದು ಹೇಗೆ ಎಂದು ಮಕ್ಕಾದವರು ನಗುತ್ತಿದ್ದರು. ಮಣ್ಣಿನಿಂದ ಒಮ್ಮೆ ತಂದವನಿಗೆ ಇನ್ನೊಮ್ಮೆ ತರುವುದು ಕಷ್ಟವೇ ಎಂಬುದು ಅದಕ್ಕೆ ಉತ್ತರ. 22ನೇ ಸೂರಾದ 5ನೇ ಆಯತ್ ಇದನ್ನು ಇನ್ನೂ ನೇರವಾಗಿ, ಸಂಶಯ ಇರುವವರನ್ನೇ ಕರೆದು ಹೇಳುತ್ತದೆ. ಮಣ್ಣಿನ ಪಟ್ಟಿ ಕೊಡುವುದು ಈ ಆಯತಿನ ಉದ್ದೇಶವಲ್ಲ. ಮಯ್ಯತ್ತನ್ನು ಕಬರಿಗೆ ಇಳಿಸಿ ಮೂರು ಹಿಡಿ ಮಣ್ಣು ಹಾಕುವಾಗ ನಮಗೆ ನೆನಪಾಗಬೇಕಾದದ್ದು ಇದು.

ಇಬ್ನು ಕಸೀರರು ಇದೇ ಜಾಗದಲ್ಲಿ ಒಂದು ಹದೀಸನ್ನೂ ಇಟ್ಟಿದ್ದಾರೆ. ಅಬೂ ಮೂಸಾ ಅಲ್ ಅಶ್‌ಅರಿ(ರ) ವರದಿ ಮಾಡಿದ್ದು, ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿಯೂ ಇದೆ. ಅಲ್ಲಾಹನು ಆದಮರನ್ನು ಇಡೀ ಭೂಮಿಯಿಂದ ತೆಗೆದ ಒಂದು ಹಿಡಿ ಮಣ್ಣಿನಿಂದ ಸೃಷ್ಟಿಸಿದನು, ಹಾಗಾಗಿ ಅವರ ಮಕ್ಕಳು ಕೆಂಪು, ಬಿಳಿ, ಕಪ್ಪು ಮತ್ತು ನಡುವಿನ ಬಣ್ಣಗಳಲ್ಲಿ, ಮೃದು ಮತ್ತು ಒರಟು ಸ್ವಭಾವಗಳಲ್ಲಿ ಬಂದರು ಎಂಬುದು ಅದರ ಆಶಯ. ಮಣ್ಣಿನ ಆಯತಿನ ಕೆಳಗೆ ಇಮಾಮರು ಇಟ್ಟದ್ದು ಬಣ್ಣದ ಮಾತು. ನಮ್ಮಲ್ಲಿ ಹೆಣ್ಣು ನೋಡಲು ಹೋದಾಗ ಮೊದಲು ಕೇಳುವುದೂ ಬಣ್ಣದ ಮಾತೇ, 'ಪೆಣ್ಣ್ ಬಿಳಿಯಾ?' ಅಂತ. ಆಯತಿನಲ್ಲಿ ವಿಜ್ಞಾನ ಹುಡುಕಿ ಹಂಚುವ ನಾವು, ಅದರ ಕೆಳಗೇ ಇರುವ ಈ ಹದೀಸನ್ನು ಎಷ್ಟು ಗುಂಪುಗಳಿಗೆ ಕಳುಹಿಸಿದ್ದೇವೆ? ಕಪ್ಪು ಮಣ್ಣೂ ಅದೇ ಹಿಡಿಯಲ್ಲಿ ಬಂದದ್ದು. ಅದನ್ನು ಒಪ್ಪಿದವರು ಬಣ್ಣದ ಕಾರಣಕ್ಕೆ ಒಂದು ಸಂಬಂಧ ಬೇಡ ಎನ್ನುವುದು ಹೇಗೆ?

ನಮ್ಮ ಕೋರಿಕೆ ಇಷ್ಟೇ. ಮದ್ರಸದ ಮೇಲಿನ ತರಗತಿಗಳಲ್ಲಿ, ಮಸೀದಿಯ ವಅಳ್‌ಗಳಲ್ಲಿ ಉಸ್ತಾದರು ಈ ಆಯತ್ ಬಂದಾಗ ಒಂದೇ ಅರ್ಥ ಹೇಳಿ ಮುಗಿಸದಿರಲಿ. ತಬರಿ ಹೀಗೆ ಹೇಳಿದರು, ಇಬ್ನು ಕಸೀರ್ ಹೀಗೆ, ರಾಝಿ ಹೀಗೆ, ಕಾರಣ ಇದು ಎಂದು ಹತ್ತು ನಿಮಿಷ ತೆಗೆದುಕೊಂಡು ಹೇಳಲಿ. ಇದು ನಮ್ಮ ಮದ್‌ಹಬಿಗೆ ಹೊರಗಿನ ಗಲಾಟೆ ಅಲ್ಲ. ರಾಝಿ, ಇಬ್ನು ಕಸೀರ್, ಮಹಲ್ಲಿ ಮೂವರೂ ನಮ್ಮಂತೆ ಶಾಫಿಈಗಳೇ. ಭಿನ್ನಾಭಿಪ್ರಾಯ ಕೇಳಿದರೆ ಮಕ್ಕಳ ಈಮಾನ್ ಅಲುಗುತ್ತದೆ ಎಂಬ ಭಯ ನಮಗಿದೆ. ಆದರೆ ಈಮಾನ್ ಅಲುಗುವುದು, ಖಂಡಿತ ಎಂದು ನಾವು ಹೇಳಿಕೊಟ್ಟದ್ದು ಕಾಲೇಜಿನ ಮೊದಲ ವರ್ಷದಲ್ಲೇ ಸುಳ್ಳು ಎಂದು ಗೊತ್ತಾದಾಗ.

ಮಗಳು ಸಿಲಿಕಾನ್ ಬಗ್ಗೆ ಕೇಳಿದರೆ ಹೀಗೆ ಹೇಳಬಹುದು. 'ಮೋಳೇ, ನೀನು ಹೇಳಿದ್ದು ಸರಿ, ಆ ಸಂದೇಶ ತಪ್ಪು. ಕುರ್‌ಆನ್ ಹೇಳಿದ್ದು ಮಣ್ಣಿನಿಂದ ಹೊರತೆಗೆದ ಒಂದಿಷ್ಟರ ಬಗ್ಗೆ. ಅದು ಆದಮರ ಬಗ್ಗೆಯೋ, ನಮ್ಮೆಲ್ಲರ ಬಗ್ಗೆಯೋ ಎಂದು ದೊಡ್ಡ ಇಮಾಮರು ಚರ್ಚೆ ಮಾಡಿದ್ದಾರೆ. ಬಾ, ಉಸ್ತಾದರ ಹತ್ತಿರ ಜಲಾಲೈನಿ ಇದೆ, ಆ ಜಾಗ ತೆಗೆದು ತೋರಿಸಲು ಕೇಳೋಣ.'